ಶಿವನ ಮಾತು ಮಂಗಳೂರಿನದ್ದಾ, ಕುಂದಾಪುರದ್ದಾ?

(ಹಳೇ ಹಾಸ್ಟೆಲ್ ಹುಡುಗರ ಗುಂಪು. ‘ಕಾಂತಾರ’ದ ಒಂದು ತುಣುಕು ಹಂಚಿದ ಮೇಲೆ.)

ಮಂಜು: ಈ ಮಂಗಳೂರು ಕನ್ನಡ ಕೇಳೋಕೆ ಎಷ್ಟು ಚೆಂದ ಅಲ್ವಾ!

ಸುಧಿ: ಮಂಗಳೂರಲ್ಲ ಮಾರಾಯ, ಕುಂದಾಪ್ರ ಕನ್ನಡ. ಶೂಟಿಂಗ್ ಆಗಿದ್ದೂ ನಮ್ಮ ಕಡೆಯ ಕೆರಾಡಿಯಲ್ಲಿ, ರಿಷಬ್ ಶೆಟ್ಟಿಯವರ ಊರಲ್ಲಿ.

ಮಂಜು: ಎರಡೂ ಒಂದೇ ಬಿಡೋ. ಇಬ್ಬರೂ ‘ಎಂತ’ ಅಂತೀರ.

ಸುಧಿ: ‘ಎಂತ’ ಬಿಡು. ನೀನು ‘ಹೋಗಬೇಕು’ ಅನ್ನೋ ಕಡೆ ನಾವು ‘ಹೋಯ್ಕ್’ ಅಂತೇವೆ, ಮಂಗಳೂರಿನವರು ‘ಹೋಗ್ಲಿಕ್ಕುಂಟು’ ಅಂತಾರೆ. ‘ಎಲ್ಲಿದೆ’ ಅನ್ನೋದಕ್ಕೆ ನಮ್ಮದು ‘ಎಲ್ಲಿತ್ತ್’, ಅವರದ್ದು ‘ಎಲ್ಲುಂಟು’. ನಾನು ‘ಮನೇಲಿ ಇತ್ತ್’ ಅಂದ್ರೆ ಈಗಲೂ ಇದೆ ಅಂತ ಅರ್ಥ. ನೀವು ಮಾತ್ರ ಕಳೆದುಹೋಯ್ತು ಅಂದುಕೊಳ್ತೀರಿ 😄

ಪ್ರವೀಣ: ಇದು ಸರಿ. ನಮ್ಮ ಮನೆಮಾತು ತುಳು, ಕನ್ನಡ ಕಲಿತದ್ದು ಶಾಲೆಯಲ್ಲಿ. ತುಳುವಿನ ‘ಪೋವರೆ ಉಂಡು’ ಅನ್ನೋದನ್ನೇ ‘ಹೋಗ್ಲಿಕ್ಕುಂಟು’ ಮಾಡಿಕೊಂಡಿದ್ದೇವೆ, ಅದಕ್ಕೇ ನಮ್ಮ ಕನ್ನಡ ಸ್ವಲ್ಪ ಪುಸ್ತಕದ ಹಾಗೆ ಕೇಳ್ತದೆ. ಕುಂದಾಪ್ರದವರಿಗೆ ಮನೆಯೊಳಗೂ ಕನ್ನಡವೇ, ಹಾಗಾಗಿ ಪದದ ಬಾಲ ಕತ್ತರಿಸಿ ಓಡ್ತಾರೆ. ಆದ್ರೆ ನನ್ನ ತಕರಾರು ಬೇರೆ. ಪಂಜುರ್ಲಿ, ಗುಳಿಗನ ಕತೆ ಅಂದ್ಮೇಲೆ ಶಿವ ಅಮ್ಮನ ಹತ್ರ ತುಳುವಲ್ಲೇ ಜಗಳ ಆಡಬೇಕಿತ್ತು.

ಸುಧಿ: ದೈವಗಳು ತುಳು ಗಡಿಯಲ್ಲೇ ನಿಂತುಬಿಡ್ತವಾ? ನಮ್ಮ ಕಡೆಯೂ ಕೋಲ ಇದೆ. ನನ್ನ ಬೇಜಾರು ಇನ್ನೊಂದು, ಎಲ್ಲರಿಗೂ ಅರ್ಥ ಆಗ್ಲಿ ಅಂತ ಕುಂದಾಪ್ರವನ್ನ ಜಾಸ್ತಿ ತೆಳು ಮಾಡಿದ್ದಾರೆ. ನಮ್ಮಜ್ಜಿ ಮಾತಾಡಿದ್ರೆ ಮಂಜುಗೆ ಕೆಳಗೆ ಅಕ್ಷರ ಹಾಕಬೇಕಾಗ್ತದೆ.

ಮಂಜು: ಹಾಗಿದ್ರೆ ತೆಳು ಮಾಡಿದ್ದೇ ಒಳ್ಳೇದಾಯ್ತು ಕಣೋ.

ಬಸು: ಲೇ, ತೆಳು ಆದ್ರೂ ಸುಳ್ಳಿಲ್ಲ, ಅದನ್ನ ನೋಡ್ರಿ. ಅರಣ್ಯ ಇಲಾಖೆಯ ಮುರಳಿ ಬಾಯಿ ತೆಗೆದ ಕೂಡಲೇ ಇವನು ಘಟ್ಟದ ಮೇಲಿನವನು ಅಂತ ಗೊತ್ತಾಗ್ತದೆ, ಅದಕ್ಕೆ ಯೂನಿಫಾರ್ಮ್ ಬೇಕಿಲ್ಲ. ಊರಿನವರ ಜೊತೆ ಅರ್ಧ ಜಗಳ ಅಲ್ಲೇ ಶುರುವಾಗಿರ್ತದೆ. ಬೇರೆ ಎಷ್ಟೋ ಸಿನಿಮಾಗಳಲ್ಲಿ ಕರಾವಳಿ ಪಾತ್ರ ಅಂದ್ರೆ ‘ಹೋಗ್ತೀನಿ ಮಾರ್ರೆ’.

ಪ್ರವೀಣ: ಅಯ್ಯೋ, ಹೌದು! ‘ಮಾರ್ರೆ’ ನಮ್ಮದು, ‘ಹೋಗ್ತೀನಿ’ ಬೆಂಗಳೂರಿನದ್ದು. ನಾವು ‘ಹೋಗ್ತೇನೆ’ ಅಂತೇವೆ. ಕ್ರಿಯಾಪದದ ಕೊನೆ ಕೇಳಿದ್ರೆ ಸಾಕು, ನಟ ಕಲಿತು ಬಂದಿದ್ದಾನಾ, ಸುಮ್ನೆ ಅಂಟಿಸಿಕೊಂಡಿದ್ದಾನಾ ಅಂತ ಸಿಕ್ಕಿಬೀಳ್ತದೆ.

ಬಸು: ನಮ್ಮ ಹುಬ್ಬಳ್ಳಿಗೂ ಇದೇ ಗತಿ. ಬೆಂಗಳೂರು ಮಾತಿಗೆ ‘ರೀ’ ಅಂಟಿಸಿ, ತಲೆಗೆ ಒಂದು ಟೋಪಿ ಹಾಕಿದ್ರೆ ಮುಗೀತು.

ಸುಧಿ: ಪ್ರವೀಣ, ತುಳುವಿಗೆ ಡಬ್ ಆದದ್ದು 2022ರ ಡಿಸೆಂಬರಲ್ಲೇ ಬಂತಲ್ಲ, ನೋಡಿದ್ಯಾ?

ಪ್ರವೀಣ: ನೋಡಿದ್ದೇನೆ. ಮಾತು ತುಳು, ತುಟಿ ಕುಂದಾಪ್ರ. ಅದಕ್ಕೇ ಹೇಳಿದ್ದು, ಮೊದಲೇ ತುಳುವಲ್ಲಿ ಮಾಡಬೇಕಿತ್ತು ಅಂತ.

ಸುಧಿ: ಮಾಡಿದ್ರೆ ಮಂಜು ಈ ತುಣುಕು ಕಳಿಸ್ತಾನೇ ಇರಲಿಲ್ಲ.