ಪದ ಬೇಕು: ಭಾಗಾಕಾರದಲ್ಲಿ ಇಲ್ಲದ ಪದದ ಜಾಗಕ್ಕೆ ಹಾಕುವ ಸೊನ್ನೆಗೆ ಏನೆನ್ನೋಣ?

ಶಿರಸಿಯಿಂದ, ಗಣಿತದ ಅಕ್ಕೋರು

ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿನ ಗೋಡೆಗೆ ಒಂದು ಚಾರ್ಟ್ ಮಾಡಿಸ್ತಾ ಇದ್ದೇನೆ. ಶನಿವಾರ ಪ್ರಿಂಟಿಗೆ ಹೋಗಬೇಕು, ಹಾಗಾಗಿ ಅವಸರ. x³ − 7x + 10 ಅನ್ನು x − 2 ರಿಂದ ಭಾಗಿಸುವ ಲೆಕ್ಕ. ಇದರಲ್ಲಿ x² ಇಲ್ಲ. ಅದರ ಜಾಗಕ್ಕೆ 0x² ಬರೆದುಕೊಂಡೇ ಶುರುಮಾಡಿ ಅಂತ ಹೇಳಬೇಕು. ಆ ಸೊನ್ನೆಗೆ ಹೆಸರೇನು? ನಾನು 'ಶೂನ್ಯ ಪದ' ಅಂತ ಬರೆದಿದ್ದೆ. ಜೊತೆಗಿರುವ ಮಾಸ್ತರು ಬೇಡ ಅಂದರು, ಯಾಕೆ ಅಂತ ಹೇಳಲಿಲ್ಲ. ಮಕ್ಕಳು ಮಾತ್ರ 'ಟವೆಲ್ ಸೊನ್ನೆ' ಅಂತಾರೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಜಾಗ ಹಿಡೀತಾರಲ್ಲ, ಹಾಗೆ. ಚಾರ್ಟಿನ ಮೇಲೆ ಅದನ್ನು ಹಾಕೋಕೆ ನನಗೆ ಧೈರ್ಯ ಇಲ್ಲ.

ಹೊನ್ನಾವರದಿಂದ

ಎಡೆಸೊನ್ನೆ. ಎಡೆ ಅಂದರೆ ಜಾಗ. ಎರಡೂ ಅಚ್ಚಗನ್ನಡ, ಮುಗೀತು. 'ಪದ', 'ಶೂನ್ಯ', 'ಸ್ಥಾನ' ಎಲ್ಲ ಸಂಸ್ಕೃತದಿಂದ ಹೊತ್ತು ತಂದದ್ದು. ಇನ್ನೊಂದು ಮಾತು: ಆ ಸೊನ್ನೆಯೇ ಬೇಕಿಲ್ಲ. ಸುಮ್ನೆ ಅಷ್ಟು ಜಾಗ ಖಾಲಿ ಬಿಟ್ಟರಾಯ್ತು. ನಾವು ಹಾಗೇ ಕಲಿತದ್ದು, ಲೆಕ್ಕ ಎಂದೂ ತಪ್ಪಲಿಲ್ಲ.

ಕಾರವಾರದಿಂದ, ಬ್ಯಾಂಕ್ ನಿವೃತ್ತ

ನಮ್ಮ ಲೆಡ್ಜರಿನಲ್ಲಿ ಖಾಲಿ ಜಾಗ ಬಿಡೋ ಹಾಗೇ ಇರಲಿಲ್ಲ. ಬಿಟ್ಟರೆ ಆಮೇಲೆ ಯಾರೋ ಏನೋ ತುಂಬಿಬಿಡ್ತಾರೆ. ಅಲ್ಲೊಂದು ಅಡ್ಡಗೆರೆ ಎಳೀತಿದ್ದೆವು, ಇಲ್ಲ ಅಂದ್ರೆ 'ನಿಲ್' ಅಂತ ಬರೀತಿದ್ದೆವು. ಅಕ್ಕೋರೇ, ನೀವೂ ಗೆರೆ ಎಳೆಸಿ. ಹೆಸರಿನ ತಾಪತ್ರಯವೇ ಇಲ್ಲ.

ಕುಮಟಾದಿಂದ, ಕಾಲೇಜಿನಲ್ಲಿ ಗಣಿತ ಹೇಳುವವರು

ಬ್ಯಾಂಕಿನ ಮಾಮ, ನಿಮ್ಮ ಗೆರೆ ಇಲ್ಲಿ ನಡೆಯೋದಿಲ್ಲ. x³ ಮತ್ತು 7x ನಡುವೆ ಅಡ್ಡಗೆರೆ ಎಳೆದರೆ ಮಕ್ಕಳು ಅದನ್ನು ಮೈನಸ್ ಅಂತಲೇ ಓದ್ತಾರೆ. ಅಲ್ಲಿ ಮೊದಲೇ ಒಂದು ಮೈನಸ್ ಇದೆ, ಎರಡು ಮೈನಸ್ ಸೇರಿ ಪ್ಲಸ್ ಮಾಡಿಕೊಂಡರೂ ಆಶ್ಚರ್ಯ ಇಲ್ಲ.

ಸೊನ್ನೆ ಬೇಡ, ಜಾಗ ಬಿಟ್ಟರೆ ಸಾಕು ಅನ್ನೋ ಹೊನ್ನಾವರದವರ ಮಾತು ಅರ್ಧ ಸರಿ. ಜಾಗ ಬಿಡೋ ನೆನಪು ಇದ್ದವರಿಗೆ ಸಾಕು. ನೆನಪಿಲ್ಲದವರು ಅಕ್ಕೋರ ಇದೇ ಲೆಕ್ಕವನ್ನು ಮಾಡೋದು ಹೀಗೆ:

```
        x²  − 5
x − 2 ) x³ − 7x  + 10
        x³ − 2x²
        --------
           − 5x  + 10
           − 5x  + 10
           ----------
                    0
```

−7x ನ ಕೆಳಗೆ −2x² ಬಂದು ಕೂತಿದೆ. ಹುಡುಗ ಬರೀ ಅಂಕಿ ನೋಡಿ 7ರಲ್ಲಿ 2 ಕಳೆದ, 5 ಬಂತು. ಮುಂದಿನ ಗುಣಾಕಾರ, ವ್ಯವಕಲನ ಎಲ್ಲ ಸರಿಯೇ. ಕೊನೆಗೆ ಶೇಷ ಸೊನ್ನೆ! ಶೇಷ ಸೊನ್ನೆ ಬಂದರೆ ಯಾರು ತಿರುಗಿ ನೋಡ್ತಾರೆ? x − 2 ಅಪವರ್ತನ ಅಂತ ಬರೆದು ಅಡಿಗೆರೆ ಎಳೆದುಬಿಡ್ತಾರೆ. ಆದರೆ x ಗೆ 2 ಹಾಕಿ ನೋಡಿ: 8 − 14 + 10, ಅಂದ್ರೆ 4. ಶೇಷ 4 ಬರಬೇಕಿತ್ತು. ಜಾಗ ಹಿಡಿದು ಮಾಡಿದರೆ:

```
        x²  + 2x  − 3
x − 2 ) x³ + 0x² − 7x + 10
        x³ − 2x²
        --------
             2x² − 7x
             2x² − 4x
             --------
                 − 3x + 10
                 − 3x +  6
                 ---------
                         4
```

ಇಲ್ಲಿ −2x² ಕಳೆಯೋಕೆ ಮೇಲೆ 0x² ಇದೆ. 0 − (−2) ಅಂದ್ರೆ 2. ಆ 2x² ಹುಟ್ಟೋದು ಸೊನ್ನೆಯ ಕಾಲಮ್ಮಿನಲ್ಲೇ. ತಪ್ಪು ಲೆಕ್ಕದಲ್ಲಿ ಅದಕ್ಕೆ ಹುಟ್ಟೋಕೆ ಜಾಗವೇ ಇರಲಿಲ್ಲ.

'ಶೂನ್ಯ ಪದ' ಯಾಕೆ ಬೇಡ ಅಂದ್ರೆ, ಹತ್ತನೇ ಕ್ಲಾಸಿನ ಅದೇ ಪಾಠದಲ್ಲಿ 'ಬಹುಪದೋಕ್ತಿಯ ಶೂನ್ಯತೆ' ಬರ್ತದೆ. ಅದು x ನ ಬೆಲೆ. ಇದು ಸಹಗುಣಕ. ಎರಡಕ್ಕೂ ಶೂನ್ಯ ಅಂಟಿಸಿದರೆ ಮಕ್ಕಳು ಕಲಸಿಕೊಳ್ತಾರೆ. ನಿಮ್ಮ ಮಾಸ್ತರು ಹೇಳಿದ್ದು ಸರಿ.

ಹೊನ್ನಾವರದಿಂದ

ಕಾಲಮ್ಮು ಅಂತೆ! ಕನ್ನಡದಲ್ಲಿ ಕಂಬಸಾಲು ಇದೆಯಲ್ಲ? ಅಡ್ಡಸಾಲು, ಕಂಬಸಾಲು ಅಂತ ಓದಿದ ನೆನಪು ಯಾರಿಗೂ ಇಲ್ವಾ? ಮತ್ತೆ ನಾನು ಹೇಳಿದ ಎಡೆಸೊನ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಶಿರಸಿಯಿಂದ, ಗಣಿತದ ಅಕ್ಕೋರು

ಕೊಡ್ತೇನೆ. ನಮ್ಮ ಕಡೆ ಎಡೆ ಅಂದ್ರೆ ದೇವರ ಮುಂದೆ ಇಡೋದು. ಮಕ್ಕಳು ನಗ್ತಾರೆ.

ಕಾರವಾರದಿಂದ, ಬ್ಯಾಂಕ್ ನಿವೃತ್ತ

ನಗಲಿ ಬಿಡಿ. ಮರಾಠಿಯಲ್ಲಿ ಹಳಬರು ಸೊನ್ನೆಗೆ ಪೂಜ್ಯ ಅಂತಿದ್ದರು. ನಮ್ಮ ಜಿಲ್ಲೆ 1956ರ ತನಕ ಮುಂಬೈಗೆ ಸೇರಿತ್ತಲ್ಲ, ನಮ್ಮ ತಂದೆ ಮಗ್ಗಿ ಕಲಿತದ್ದೇ ಮರಾಠಿಯಲ್ಲಿ. ಪೂಜ್ಯಕ್ಕೆ ಎಡೆ ಇಟ್ಟರೆ ತಪ್ಪೇನು?

ಯಲ್ಲಾಪುರದಿಂದ

ಹೊನ್ನಾವರದವರೇ, ಸೊನ್ನೆ ಅಚ್ಚಗನ್ನಡ ಅಂತ ಯಾರು ಹೇಳಿದರು ನಿಮಗೆ? ಶೂನ್ಯದ ತದ್ಭವ ಅದು. ಪ್ರಾಕೃತದ 'ಸುಣ್ಣ' ಹಾದು ಬಂದದ್ದು. ಶೂನ್ಯವನ್ನು ಹೊರಗೆ ಹಾಕಿ ಅದರ ಮಗಳನ್ನು ಒಳಗೆ ಕರೆದುಕೊಂಡಿದ್ದೀರಿ.

ಹೊನ್ನಾವರದಿಂದ

ಸಾವಿರ ವರ್ಷ ನಾಲಗೆ ಮೇಲೆ ಸವೆದದ್ದು ನಮ್ಮದೇ. ಕಾಲಮ್ಮು ಸವೆದಿಲ್ಲ.

ಯಲ್ಲಾಪುರದಿಂದ

ಇವತ್ತು ಪೇಪರ್ ಓದುವವರನ್ನು ಕೇಳಿ, ಅದೂ ಸವೆದಿದೆ.

ಕುಮಟಾದಿಂದ

ಈ ಜಗಳ ಬೇರೆ ಕಡೆ ಇಟ್ಕೊಳ್ಳಿ. ಖಾಲಿ ಜಾಗದ ವಿಷಯಕ್ಕೆ ಇನ್ನೊಂದು ಮಾತು ಹೇಳೋದಿತ್ತು. ಉದ್ದ ಭಾಗಾಕಾರದಲ್ಲಿ ಜಾಗ ಬಿಟ್ಟರೂ ಬದುಕಬಹುದು, ಯಾಕಂದ್ರೆ x², x ಅಂತ ಪಕ್ಕದಲ್ಲೇ ಬರೆದಿರ್ತದೆ. ಕಣ್ಣಿಟ್ಟು ನೋಡಿದವನಿಗೆ ತಪ್ಪು ಕಾಣ್ತದೆ. ಸಂಶ್ಲೇಷಿತ ಭಾಗಾಕಾರದಲ್ಲಿ x ಬರೆಯೋದೇ ಇಲ್ಲ, ಬರೀ ಸಹಗುಣಕ. ಅಲ್ಲಿ ಸೊನ್ನೆ ಬಿಟ್ಟರೆ ಗತಿ ಇಲ್ಲ.

```
2 |  1   0  -7  10        2 |  1  -7  10
  |      2   4  -6          |      2 -10
  ----------------          ------------
     1   2  -3   4             1  -5   0
```

ಬಲಗಡೆಯದು ತಪ್ಪು ಭಾಗಾಕಾರವೇ ಅಲ್ಲ ನೋಡಿ. ಅದು ಪೂರ್ತಿ ಸರಿ, ಆದರೆ ಬೇರೆ ಲೆಕ್ಕಕ್ಕೆ. x² − 7x + 10 ಭಾಗಿಸು x − 2. ಸೊನ್ನೆ ಬಿಟ್ಟ ಕೂಡಲೇ ಘನ ಹೋಗಿ ವರ್ಗ ಆಯ್ತು. ಗುರುತು ಹಿಡಿಯೋದು ಸುಲಭ: x³ ಇದ್ದರೆ ಮೇಲಿನ ಸಾಲಿನಲ್ಲಿ ನಾಲ್ಕು ಅಂಕಿ ಇರಬೇಕು. ಮೂರೇ ಇದ್ದರೆ ಅಲ್ಲೇ ನಿಲ್ಲಿ. ಉದ್ದ ಭಾಗಾಕಾರದಲ್ಲಿ ಈ ಎಣಿಕೆ ಯಾರೂ ಮಾಡೋದಿಲ್ಲ, ಅಲ್ಲಿ x ಗೆ 2 ಹಾಕಿ ನೋಡೋದೇ ದಾರಿ.

ಹೊನ್ನಾವರದಿಂದ

ಸರಿ. ಸಂಶ್ಲೇಷಿತದಲ್ಲಿ ಬೇಕು. ಉದ್ದದಲ್ಲಿ ನಾನು ಈಗಲೂ ಜಾಗ ಬಿಡೋನೇ.

ಅಂಕೋಲಾದಿಂದ, ಮಗನಿಗೆ ಮನೆಪಾಠ ಹೇಳುವವರು

ನಡುವೆ ಬಾಯಿ ಹಾಕಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಭಾಜಕದಲ್ಲೂ ಪದ ಇಲ್ಲದಿದ್ದರೆ? ಇದೇ ಲೆಕ್ಕವನ್ನು x² + 1 ರಿಂದ ಭಾಗಿಸಿ ಅಂದಿದ್ದಾರೆ. ಮಗ ಭಾಜ್ಯಕ್ಕೆ 0x² ಸರಿಯಾಗಿ ಹಾಕಿದ. ಆಮೇಲೆ x ನಿಂದ ಗುಣಿಸಿ ಬಂದ x³ + x ಅನ್ನು ಪಕ್ಕ ಪಕ್ಕ ಬರೆದುಬಿಟ್ಟ. x ಹೋಗಿ ಆ ಸೊನ್ನೆಯ ಕೆಳಗೆ ಕೂತಿತು.

ಕುಮಟಾದಿಂದ

ಭಾಜಕವನ್ನೂ x² + 0x + 1 ಅಂತ ಬರೆಸಿ. ಆಗ ಗುಣಲಬ್ಧ x³ + 0x² + x ಅಂತ ತಾನಾಗಿ ಬರ್ತದೆ, x ನೆಟ್ಟಗೆ −7x ನ ಕೆಳಗೆ ಹೋಗ್ತದೆ. ಉತ್ತರ x, ಶೇಷ −8x + 10. ಶೇಷದಲ್ಲಿ x ಉಳಿದಿದೆ ಅಂತ ಮುಂದುವರಿಸೋದು ಬೇಡ, ಭಾಜಕ ವರ್ಗ, ಇದು ಅದಕ್ಕಿಂತ ಕೆಳಗಿನದು.

ಭಾಜಕದ ಈ ಸೊನ್ನೆಯನ್ನು ನಾನು ಕಡ್ಡಾಯ ಮಾಡೋದಿಲ್ಲ. ಕಾಲಮ್ ನೋಡಿ ಬರೆಯೋ ರೂಢಿ ಇದ್ದವರಿಗೆ ಅದು ಜಾಸ್ತಿ ಕೆಲಸ.

ಶಿರಸಿಯಿಂದ, ಗಣಿತದ ಅಕ್ಕೋರು

ಚಾರ್ಟಿನ ಮೇಲೆ 'ಜಾಗದ ಸೊನ್ನೆ' ಅಂತ ಹಾಕ್ತೇನೆ. ಕುಮಟಾದ ಸರ್, ನಿಮ್ಮ ತಪ್ಪು ಲೆಕ್ಕವನ್ನೂ ಪಕ್ಕದಲ್ಲಿ ಹಾಕ್ತೇನೆ, ಶೇಷ ಸೊನ್ನೆ ಬಂದದ್ದಕ್ಕೆ ಕೆಂಪು ಸುತ್ತು ಹಾಕಿ. ತಪ್ಪು ಲೆಕ್ಕವನ್ನು ಗೋಡೆಗೆ ಹಾಕಬಾರದು ಅಂತ ನಮ್ಮಲ್ಲೊಬ್ಬರ ವಾದ. ಮಕ್ಕಳು ಅದನ್ನೇ ಕಲೀತಾರಂತೆ. ನಿಮ್ಮ ಅಭಿಪ್ರಾಯ ಶುಕ್ರವಾರದೊಳಗೆ ತಿಳಿಸಿ.

ಹೊನ್ನಾವರದಿಂದ

ಜಾಗ ಅನ್ನೋದು ಕನ್ನಡವೇ? ಪಾರಸಿಯ 'ಜಾಯ್‌ಗಾಹ್' ಅದು. ಎಡೆ ಬೇಡ ಅಂದು ಪಾರಸಿಗೆ ಹೋದಿರಿ.