ಬಿಲ್ಲಿನ ಕೆಳಗಿನ ಒಂದು ಸಾಲು

ಗುಂಪು: ನಮ್ಮ ಮನಿ ಮಂದಿ

ರಘು (ಸಂಜೆ 7:12): [ಫೋಟೊ: ಬಿಲ್ ನಮೂನೆ]
ಎಲ್ಲಾರೂ ಒಮ್ಮೆ ನೋಡ್ರಿ. ನಾಳೆಯಿಂದ ಮಿಲ್ಲಿಗೆ ಹೋಗೋ ಬಿಲ್ಲಿನ ಕೆಳಗ ಈ ಸಾಲು ಹಾಕಾಕತ್ತೇನಿ: "30 ದಿನದೊಳಗೆ ಹಣ ಪಾವತಿಸದಿದ್ದಲ್ಲಿ ವರ್ಷಕ್ಕೆ 24% ಬಡ್ಡಿ ವಿಧಿಸಲಾಗುವುದು."

ಕಾಕಾ (7:15): ಯಾವ ಮಿಲ್ಲು? ಹನ್ನೊಂದು ವರ್ಷದಿಂದ ನಿನ್ನ ಕಡೆ ಮೋಟಾರ್ ರಿವೈಂಡಿಂಗ್ ಮಾಡಸ್ತಾರಲ್ಲ, ಅವರಿಗಾ?

ರಘು (7:16): ಹೂಂ ಕಾಕಾ, ಅವರಿಗೇ.

ಕಾಕಾ (7:18): ಬ್ಯಾಡ ತಮ್ಮಾ. ನೀ ಶೆಡ್ ಹಾಕಿದ ಮೊದಲನೇ ವರ್ಷ ಅವರ ಮೋಟಾರ್ ಬರಲಿಲ್ಲ ಅಂದ್ರ ಬಾಡಿಗಿ ಕಟ್ಟಾಕ ಆಗತಿರಲಿಲ್ಲ. ಸಾಹುಕಾರ್ರು ಅದನ್ನ ಓದಿದ್ರ ಏನಂತಾರ? "ನಮ್ಮ ಮ್ಯಾಲ ಇವನಿಗೆ ನಂಬಿಕಿ ಹೋತು" ಅಂತಾರ.

ರಘು (7:24): ನಂಬಿಕಿ ಮಾತಲ್ಲ ಕಾಕಾ. ಡಿಸೆಂಬರ್ 1ಕ್ಕ ಒಂದು ಬಿಲ್ ಕೊಟ್ಟೆ, 1,18,000. ಕೆಲಸದ್ದು ಒಂದು ಲಕ್ಷ, ಜಿಎಸ್‌ಟಿ 18,000. ರೊಕ್ಕ ಬಂದದ್ದು 75ನೇ ದಿನಕ್ಕ. ಕಾಪರ್ ವೈರಿನವ ನನಗ ಒಂದು ವಾರದ ಮ್ಯಾಲ ಉದ್ರಿ ಕೊಡೂದಿಲ್ಲ. ಜನವರಿ 20ಕ್ಕ ಜಿಎಸ್‌ಟಿ ನನ್ನ ಕೈಯಿಂದ ಕಟ್ಟೇನಿ. ಅವರು ಕೊಡದೇ ಇರೋ ತೆರಿಗಿ ನಾ ಬ್ಯಾಂಕಿನ ಓವರ್‌ಡ್ರಾಫ್ಟ್, ಅಂದ್ರ ಓಡಿ ಸಾಲದಾಗಿಂದ ತಗದು ಕಟ್ಟೂದು, ಅದಕ್ಕ ಬ್ಯಾಂಕಿಗೆ ಬಡ್ಡಿ ಕೊಡೂದು. ಇದು ಒಂದ್ ಸಲದ್ದಲ್ಲ, ಎರಡು ವರ್ಷದಿಂದ ಹಿಂಗ ನಡದೈತಿ.

ಅವ್ವ (7:26): ಹೋದ ತಿಂಗಳ ಹುಡುಗರ ಪಗಾರಕ್ಕ ನನ್ನ ಕಡೆ ಇಸ್ಕೊಂಡ. ಅವಂದೂ ಖರೆ ಐತಿ.

ಶೈಲಕ್ಕ (7:40): ಆಫೀಸಿನಿಂದ ಈಗ ಬಂದೆ. ರಘು, ಬಡ್ಡಿ ಕೇಳೂದು ತಪ್ಪಲ್ಲ. ಆದ್ರ ಈ ಸಾಲು ಹಿಂಗ ಹಾಕಿದ್ರ ಎರಡೂ ಕಡೆ ಹೋಗ್ತದ, ಸಂಬಂಧಾನೂ ಕೆಡ್ತದ, ರೊಕ್ಕಾನೂ ಬರೂದಿಲ್ಲ.

ರಘು (7:41): ಯಾಕ ಬರೂದಿಲ್ಲ? ಬಿಲ್ಲಿನ ಮ್ಯಾಲ ಬರದೈತಲ್ಲ.

ಶೈಲಕ್ಕ (7:46): ಬಿಲ್ ಅನ್ನೂದು ಕೆಲಸ ಮುಗದ ಮ್ಯಾಲ ನೀ ಒಬ್ಬನ ಬರದು ಕಳಸೋ ಕಾಗದ. ಕರಾರು ಅಂದ್ರ ಕೆಲಸಕ್ಕ ಮೊದಲು ಇಬ್ಬರೂ ಒಪ್ಪಿದ್ದು. ಅವರು ಒಪ್ಪಿಲ್ಲದ ಶರತ್ತು ಬಿಲ್ಲಿನ ಅಡಿಯೊಳಗ ಅಚ್ಚು ಹಾಕಿದ್ರ "ನಾವು ನೋಡೇ ಇಲ್ಲ" ಅಂತಾರ, ಅಲ್ಲಿಗೆ ವಾದ ಮುಗೀತು. ಅವರು ಪಿಓ, ಅಂದ್ರ ಪರ್ಚೇಸ್ ಆರ್ಡರ್ ಕೊಡ್ತಾರಲ್ಲ, ಅದರೊಳಗ ಪಾವತಿ ಬಗ್ಗೆ ಏನ್ ಬರದಾರ? ಫೋಟೊ ಹಾಕು.

ರಘು (7:53): [ಫೋಟೊ: ಪರ್ಚೇಸ್ ಆರ್ಡರ್]
"ಪಾವತಿ: 60 ದಿನ" ಅಂತ ಐತಿ. ನಾ ಇಷ್ಟು ವರ್ಷ ಇದನ್ನ ಓದೇ ಇಲ್ಲ. ಬಾಯಿಮಾತಿಗೆ ತಿಂಗಳು ಅಂದಿದ್ರು.

ವಿನಾಯಕ ಮಾಮಾ (7:58): ನಾ ಫ್ಯಾಕ್ಟರಿಯೊಳಗ ಇಪ್ಪತ್ತು ವರ್ಷ ಬಿಲ್ ಪಾಸ್ ಮಾಡೇನಿ, ಆ ಕಡೆ ಏನಾಗ್ತದ ಕೇಳು. ಅಕೌಂಟ್ಸಿನ ಹುಡುಗ ಪಿಓ ನೋಡಿ ಸಿಸ್ಟಮ್‌ನಾಗ 60 ಅಂತ ಹಾಕ್ತಾನ. ನಿನ್ನ ಬಿಲ್ಲಿನ ಅಡಿಯೊಳಗ ಏನೈತಿ ಅಂತ ಅವ ಓದೂದಿಲ್ಲ. ಅಕಸ್ಮಾತ್ ಓದಿದ್ರ ಕೆಂಪು ಪೆನ್ನಿಲೆ ಗೆರಿ ಎಳದು ಸಾಹುಕಾರ್ರ ಟೇಬಲ್ಲಿಗೆ ಒಯ್ದು ಇಡ್ತಾನ. ಅಂದ್ರ ಈ ಸುದ್ದಿ ಸಾಹುಕಾರ್ರಿಗೆ ಗುಮಾಸ್ತನ ಬಾಯಿಂದ ತಿಳೀತದ, ನಿನ್ನ ಬಾಯಿಂದಲ್ಲ. ಮನಸ್ಸು ಕೆಡೂದು ಅಲ್ಲೇ.

ಕಾಕಾ (8:00): ನಾನೂ ಅದನ್ನ ಹೇಳಾಕತ್ತಿದ್ದು.

ಶೈಲಕ್ಕ (8:09): ಕಾಕಾ, ನೀವು ಕೇಳಲೇ ಬ್ಯಾಡ ಅಂತೀರಿ. ನಾ ಕೇಳೋ ರೀತಿ ಬ್ಯಾರೆ ಇರಲಿ ಅಂತೇನಿ. ಇನ್ನೊಂದು ಮಾತು, ಕಾಯ್ದೆ ಈಗಾಗಲೇ ರಘುನ ಕಡೆ ಐತಿ. ಅವನ ವರ್ಕ್‌ಶಾಪಿಗೆ ಉದ್ಯಮ್ ನೋಂದಣಿ ಐತಿ, ಸೂಕ್ಷ್ಮ ಉದ್ಯಮ. 2006ರ ಎಂಎಸ್‌ಎಂಇ ಕಾಯ್ದೆ 15ನೇ ಕಲಮಿನ ಪ್ರಕಾರ ಬರದ ಕರಾರು ಇದ್ರೂ 45 ದಿನ ಮೀರೂ ಹಂಗಿಲ್ಲ. ಬರವಣಿಗಿ ಇಲ್ಲದಿದ್ರ 15 ದಿನ. ಹಂಗಾಗಿ ಪಿಓದೊಳಗಿನ 60 ನಿಲ್ಲೂದಿಲ್ಲ. ತಡ ಆದ್ರ 16ನೇ ಕಲಮಿನ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ತಿಂಗಳ ಚಕ್ರಬಡ್ಡಿ. 2023-24ರಾಗ ಬ್ಯಾಂಕ್ ದರ 6.75 ಇತ್ತು, ಅಂದ್ರ ಬಡ್ಡಿ 20.25%. ಇದು ಬರೀ ಸಾಮಾನು ತಂದು ಮಾರೋ ವ್ಯಾಪಾರಿಗಳಿಗಲ್ಲ. ನೀ ಕೆಲಸ ಮಾಡಿಕೊಡಾವ, ನಿನಗ ಬರ್ತದ.

ರಘು (8:11): ಹಂಗಿದ್ರ ಅದನ್ನ ಬರದು ನೋಟಿಸ್ ಕಳಸಿಬಿಡ್ಲಾ?

ವಿನಾಯಕ ಮಾಮಾ (8:12): ಕಳಸು. ಮುಂದಿನ ಮೋಟಾರ್ ಗದಗಿಗೆ ಹೋಗ್ತದ.

ಶೈಲಕ್ಕ (8:20): ನೋಟಿಸ್ ಬ್ಯಾಡ. ಬಿಲ್ಲಿನ ಮ್ಯಾಲ, ವಿಳಾಸದ ಕೆಳಗ, ಉದ್ಯಮ್ ನಂಬರ್ ಅಷ್ಟ ಹಾಕು. ಮಿಲ್ಲಿನ ಆಡಿಟರ್ ಉಳಿದದ್ದನ್ನ ತಾವೇ ಹೇಳ್ತಾರ. ಯಾಕಂದ್ರ 2023ರ ಬಜೆಟ್ಟಿನಾಗ ಆದಾಯ ತೆರಿಗಿಗೆ 43ಬಿ(ಎಚ್) ಅಂತ ಸೇರಿಸ್ಯಾರ. ಸೂಕ್ಷ್ಮ, ಸಣ್ಣ ಉದ್ಯಮದವರಿಗೆ ಈ ಗಡುವಿನೊಳಗ ಕೊಡದ ರೊಕ್ಕ ಮಾರ್ಚ್ 31ಕ್ಕೂ ಬಾಕಿ ಉಳದಿದ್ರ ಆ ವರ್ಷದ ಖರ್ಚು ಅಂತ ತೋರಸಾಕ ಬರೂದಿಲ್ಲ, ಕೊಟ್ಟ ವರ್ಷಕ್ಕ ಹೋಗ್ತದ. ಅಂದ್ರ ತಡಾ ಮಾಡಿದ್ರ ಅವರಿಗೇ ತೆರಿಗಿ ಜಾಸ್ತಿ. ಇದನ್ನ ನೀ ಬಾಯಿ ಬಿಟ್ಟು ಹೇಳಿದ್ರ ಬೆದರಿಕಿ ಅನಸ್ತದ. ಅವರ ಆಡಿಟರ್ ಹೇಳಿದ್ರ ಸಲಹಾ.

ಕಾಕಾ (8:24): ಇದು ಮಾತು. ಆದ್ರ 24% ಅನ್ನೂದು ಹೆಚ್ಚಾತು. ನಾ ಬ್ಯಾಂಕಿನಾಗ ಇದ್ದಾವ, ಹೇಳ್ತೇನಿ ಕೇಳು. ನಿನ್ನ ಓಡಿ ದರ ಎಷ್ಟು?

ರಘು (8:25): 11.

ಕಾಕಾ (8:28): ಹಂಗಾದ್ರ 12 ಕೇಳು. "ನಾ ಬ್ಯಾಂಕಿಗೆ ಕೊಡೂದ 11 ಸಾಹುಕಾರ್ರ, ಇದರಾಗ ನನಗ ಹೆಚ್ಚೇನೂ ಉಳಿಯೂದಿಲ್ಲ" ಅಂತ ಅವರ ಮುಖ ನೋಡಿ ಹೇಳಬಹುದು. 24 ಅಂದ್ರ ಆ ಮಾತು ಆಡಾಕ ಬರೂದಿಲ್ಲ.

ಶೈಲಕ್ಕ (8:33): ಹೌದ್ರಿ ಕಾಕಾ. 12ಕ್ಕ ಒಪ್ಪಿದ್ರೂ ನಾಳೆ ಏನರ ಕೆಟ್ಟು ಜಗಳ ಆದ್ರ ಕಾಯ್ದೆ ಕೊಟ್ಟ ದರದ ಹಕ್ಕು ಹೋಗೂದಿಲ್ಲ, ಕರಾರಿನಾಗ ಏನ ಇದ್ರೂ ಆ ಕಲಮು ನಡೀತದ. ಅದಕ್ಕ ಕಡಿಮಿ ಬರಿಯಾಕ ಅಂಜಬ್ಯಾಡ. ರಘು, ನಿಂದ ಆ ಡಿಸೆಂಬರ್ ಬಿಲ್ ಹಿಡದು ಲೆಕ್ಕ ಹಾಕೋಣ. 30 ದಿನ ಗಡುವು, ಮ್ಯಾಲ 7 ದಿನ ಸಡಿಲು. ರೊಕ್ಕ 75ಕ್ಕ ಬಂತು, ಅಂದ್ರ 38 ದಿನದ ಬಡ್ಡಿ. 1,18,000ಕ್ಕ 12% ಅಂದ್ರ ವರ್ಷಕ್ಕ 14,160. 38 ದಿನಕ್ಕ 1,474 ರೂಪಾಯಿ.

ರಘು (8:35): ಇಷ್ಟ ಏನು? ಇದಕ್ಕ ಇಷ್ಟೆಲ್ಲಾ ಒದ್ದಾಟ?

ವಿನಾಯಕ ಮಾಮಾ (8:41): 1,474ಕ್ಕಲ್ಲಪಾ. ಗುರುವಾರ ಪೇಮೆಂಟ್ ಲಿಸ್ಟ್ ಮಾಡಾಕ ಕುಂತಾಗ ಕೈಯಾಗ ಹತ್ತು ಲಕ್ಷ ಇರ್ತದ, ಬಿಲ್ಲು ಹದಿನೈದು ಲಕ್ಷದ್ದು ಇರ್ತಾವ. ಯಾರದು ಮುಂದಿನ ವಾರಕ್ಕ ತಳ್ಳಬೇಕು? ತಡಾ ಆದ್ರೂ ಏನೂ ಆಗದವರದ್ದು ತಳ್ಳತೀವಿ. ನಾನೂ ಹಂಗ ಮಾಡೇನಿ. ಬಡ್ಡಿ ಸಾಲು ಇದ್ದವರ ಬಿಲ್ ಮೊದಲು ಹೋಗ್ತಿತ್ತು, ಯಾಕಂದ್ರ ಬಡ್ಡಿ ಕೊಟ್ಟದ್ದಕ್ಕ ಸಾಹುಕಾರ್ರಿಗೆ ಕಾರಣ ಬರದು ಕೊಡಬೇಕಾಗ್ತಿತ್ತು.

ಶೈಲಕ್ಕ (8:44): ಬಡ್ಡಿ ಖರೇನ ಬಂದ್ರ ಅದಕ್ಕೂ 18% ಜಿಎಸ್‌ಟಿ ಐತಿ ನೆನಪಿಟ್ಕೋ, ಡೆಬಿಟ್ ನೋಟ್ ಹಾಕಬೇಕು. 1,474ಕ್ಕ 265. ಆದ್ರ ಆ ತೆರಿಗಿ ಬಡ್ಡಿ ಕೈಗೆ ಬಂದಾಗ ಅಷ್ಟ, ಕೇಳಿದ ಕೂಡಲೇ ಅಲ್ಲ.

ರಘು (8:47): ಸರಿ. ಈಗ ಹೆಂಗ ಶುರು ಮಾಡಲಿ ಅದನ್ನ ಹೇಳ್ರಿ. ಫೋನಾ, ಪತ್ರಾನಾ?

ವಿನಾಯಕ ಮಾಮಾ (8:55): ಮೊದಲು ಭೆಟ್ಟಿ ಆಗು. ಮೋಟಾರ್ ಮುಟ್ಟಸಾಕ ನೀನ ಹೋಗು, ಚಾ ಕುಡಿಯೋವಾಗ ತಗಿ. ಬಡ್ಡಿ ಅಂತ ಶುರು ಮಾಡಬ್ಯಾಡ. "ನನ್ನ ಬಿಲ್ ನಿಮ್ಮಲ್ಲಿ ಯಾವ ದಿನ ಎಂಟ್ರಿ ಆಗ್ತದ, ಪೇಮೆಂಟ್ ಲಿಸ್ಟ್ ಯಾವತ್ತು ಮಾಡ್ತೀರಿ?" ಅಂತ ಕೇಳು. ಅರ್ಧಕ್ಕರ್ಧ ತಡ ಅಲ್ಲೇ ಇರ್ತದ. ಆಮ್ಯಾಲ ಏಪ್ರಿಲ್ 1ರಿಂದ ಎಲ್ಲಾ ಗಿರಾಕಿಗೂ ಒಂದ ಕರಾರು ಮಾಡಾಕತ್ತೇನಿ, ನಿಮಗ ಮೊದಲು ಹೇಳಾಕ ಬಂದೆ ಅನ್ನು.

ಕಾಕಾ (8:57): ಎಲ್ಲಾ ಗಿರಾಕಿಗೂ ಅಂದ್ರ ಖರೇನ ಎಲ್ಲಾರಿಗೂ ಹಾಕಬೇಕು. ಅವರ ಒಬ್ಬರಿಗೇ ಅಂತ ಗೊತ್ತಾದ್ರ ಸುಳ್ಳು ಹೇಳಿದಂಗ ಆಗ್ತದ.

ರಘು (8:58): ಎಲ್ಲಾರಿಗೂ ಹಾಕ್ತೇನಿ ಕಾಕಾ, ಆಣಿ.

ಶೈಲಕ್ಕ (9:16): ಮಾತಾಡಿ ಬಂದ ದಿನಾನ ಇದನ್ನ ಮೇಲ್ ಮಾಡು, ಬರದೇನಿ:

"ಮಾನ್ಯರೇ, ಇಂದು ಮಾತಾಡಿದಂತೆ, ಏಪ್ರಿಲ್ 1ರ ನಂತರ ಒಪ್ಪಿಸುವ ಕೆಲಸಗಳ ಪಾವತಿ ಹೀಗಿರುತ್ತದೆ. ಮೋಟಾರು ನಿಮ್ಮ ಮಿಲ್ಲಿಗೆ ತಲುಪಿದ ದಿನದಿಂದ 30 ದಿನದೊಳಗೆ ಪಾವತಿ. ನಂತರ 7 ದಿನ ಸಡಿಲಿಕೆ. ಅಲ್ಲಿಂದಾಚೆಗೆ ಬಾಕಿ ಮೊತ್ತಕ್ಕೆ ವರ್ಷಕ್ಕೆ 12% ಸರಳ ಬಡ್ಡಿ. ಕೆಲಸದ ಬಗ್ಗೆ 15 ದಿನದೊಳಗೆ ಬರೆದು ತಕರಾರು ತಿಳಿಸಿದರೆ, ಅದು ಬಗೆಹರಿಯುವವರೆಗೆ ಆ ಬಿಲ್ಲಿಗೆ ಬಡ್ಡಿ ಇಲ್ಲ. ಮಾರ್ಚ್ ಕೊನೆಯವರೆಗಿನ ಬಿಲ್ಲುಗಳಿಗೆ ಇದು ಅನ್ವಯಿಸುವುದಿಲ್ಲ. ಒಪ್ಪಿಗೆಯಿದ್ದರೆ ಮುಂದಿನ ಪಿಓದಲ್ಲಿ ಇದೇ ಸಾಲನ್ನು ಸೇರಿಸಬೇಕೆಂದು ವಿನಂತಿ."

ಕೊನೇ ಎರಡು ಸಾಲು ಬಿಡಬ್ಯಾಡ. ಹಳೇ ಬಾಕಿಗೆ ಹಚ್ಚಿದ್ರ ಜಗಳ, ಪಿಓ ತಿದ್ದದಿದ್ರ ಸಿಸ್ಟಮ್‌ನಾಗ 60 ಹಂಗ ಉಳೀತದ.

ಕಾಕಾ (9:20): ಮೊದಲನೇ ಸಲ ತಡಾ ಆದ್ರ ಬಡ್ಡಿ ಬಿಟ್ಟುಬಿಡು.

ಶೈಲಕ್ಕ (9:24): ಬಿಡಲಿ, ಆದ್ರ ಸುಮ್ಮನ ಬಿಡಬಾರದು. ತಿಂಗಳ ಸ್ಟೇಟ್‌ಮೆಂಟಿನಾಗ "ಬಡ್ಡಿ 1,474, ಈ ಸಲಕ್ಕೆ ಮಾತ್ರ ಬಿಟ್ಟಿದೆ" ಅಂತ ಕಾಣಬೇಕು. ಕಾಣದಂಗ ಎರಡು ವರ್ಷ ಬಿಟ್ಟು ಮೂರನೇ ವರ್ಷ ಕೇಳಿದ್ರ "ಇಷ್ಟು ದಿನ ಇಲ್ಲದ್ದು ಈಗ್ಯಾಕ" ಅಂತಾರ, ಮತ್ತ ಮೊದಲಿಗೆ ಬಂದು ನಿಂದರ್ತೀ.

*ಶುಕ್ರವಾರ*

ರಘು (ಮಧ್ಯಾಹ್ನ 1:37): ಹೋಗಿ ಬಂದೆ. ಸಾಹುಕಾರ್ರು ಬಡ್ಡಿ ಅಂದಾಗ ಒಂದ್ ಗಳಿಗಿ ಸುಮ್ಮನಾದ್ರು. ಅಕೌಂಟ್ಸಿನವನ್ನ ಕರದು ನನ್ನ ಫೈಲ್ ತರಿಸಿದ್ರು. ನೋಡಿದ್ರ, ನವೆಂಬರ್ 4ಕ್ಕ ಮುಟ್ಟಿಸಿದ ಮೋಟಾರಿಗೆ ನನ್ನ ಬಿಲ್ ಡಿಸೆಂಬರ್ 1ಕ್ಕ ಹೋಗೈತಿ! ತಿಂಗಳ ಎಲ್ಲಾ ಕೆಲಸದ್ದು ಕೂಡಿಸಿ ಒಂದ ಬಿಲ್ ಮಾಡತಿದ್ನೆಲ್ಲ, ಅದಕ್ಕ. "ನೀನ 27 ದಿನ ತಡಾ ಮಾಡಿ, ನಮ್ಮ ಮ್ಯಾಲ ಬಡ್ಡಿ ಹಾಕ್ತೀಯೇನು?" ಅಂದ್ರು. ನನಗ ಉತ್ತರ ಇರಲಿಲ್ಲ.

ವಿನಾಯಕ ಮಾಮಾ (1:40): ಆಮ್ಯಾಲ?

ರಘು (1:45): ಮೋಟಾರ್ ಜೋಡಿನ ಬಿಲ್ ಬರಬೇಕು ಅಂದ್ರು. ಬಂದ್ರ ಮುಟ್ಟಿದ ದಿನದಿಂದ 45 ದಿನ, 30 ಆಗೂದಿಲ್ಲ, ಸೀಜನ್ನಿನಾಗ ಭತ್ತಕ್ಕ ರೊಕ್ಕ ಹೋಗಿರ್ತದ ಅಂದ್ರು. 12ಕ್ಕ ಹೂಂ ಅಂದಾರ. ಪಿಓ ತಿದ್ದಾಕ ಅಲ್ಲೇ ಹುಡುಗಗ ಹೇಳಿದ್ರು.

ಶೈಲಕ್ಕ (1:50): 45 ಕಾಯ್ದೆಯ ಮಿತಿಯೊಳಗ ಐತಿ, ಒಪ್ಕೋ. 7 ದಿನದ ಸಡಿಲು ತಗದುಬಿಡು, 45ರ ಮ್ಯಾಲ ಸಡಿಲು ಕೊಟ್ರ ಮಿತಿ ದಾಟ್ತದ. ಮೇಲ್‌ನಾಗ 30 ಇದ್ದದ್ದನ್ನ 45 ಮಾಡಿ ಇವತ್ತ ಕಳಸು.

ಕಾಕಾ (1:52): ಚಾ ಕೊಟ್ರಾ?

ರಘು (1:53): ಊಟಾನ ಮಾಡಿಸಿ ಕಳಸಿದ್ರು ಕಾಕಾ. ಹೊರಡೋವಾಗ ಸುಟ್ಟ 20 ಎಚ್‌ಪಿ ಮೋಟಾರ್ ಒಂದು ಗಾಡಿಗೆ ಹಾಕ್ಯಾರ. ಸೋಮವಾರ ಮುಟ್ಟಸ್ತೇನಿ, ಬಿಲ್ ಜೋಡಿನ.