ಸಾಲ್ವರ್ ನೂರು ಕೆಜಿ ಯೂರಿಯಾ ಬೆರೆಸಲು ಹೇಳುತ್ತಿದೆ: ನಾನು ಬರೆದ ನಿರ್ಬಂಧಗಳಲ್ಲಿ ತಪ್ಪೆಲ್ಲಿದೆ?

ಪ್ರಶ್ನೆ ಕೇಳಿದವರು: ಹಸುಗಳಿಗೆ 100 ಕೆಜಿ ದಾಣಿ ಮಿಶ್ರಣ ಮಾಡಬೇಕು, ಅದರಲ್ಲಿ ಪ್ರೋಟೀನ್ ಕನಿಷ್ಠ ಶೇ. 20 ಇರಬೇಕು, ಖರ್ಚು ಕಡಿಮೆಯಾಗಬೇಕು. ಕೆಜಿಗೆ ಮೆಕ್ಕೆಜೋಳ 24 ರೂ., ಶೇಂಗಾ ಹಿಂಡಿ 45 ರೂ., ಯೂರಿಯಾ 6 ರೂ. ಎಂದು ಸಾಲ್ವರ್‌ಗೆ, ಅಂದರೆ ಕಡಿಮೆ ಖರ್ಚಿನ ಮಿಶ್ರಣ ಹುಡುಕುವ ತಂತ್ರಾಂಶಕ್ಕೆ, ಹಾಕಿದ್ದೇನೆ; M, G, U ಎಂದರೆ ಕ್ರಮವಾಗಿ ಇವು ಮೂರರ ಕೆಜಿ. ಮೊದಲು ಯೂರಿಯಾ ಇಲ್ಲದೆ ಮಾಡಿದಾಗ ಬರೀ ಜೋಳ ಬಂತು, ಸೇರಿಸಿದ ಮೇಲೆ ಬರೀ ಯೂರಿಯಾ ಬಂತು. ಇಂಥ ತಪ್ಪುಗಳನ್ನು ನೀವು ಹೇಗೆ ಹಿಡಿಯುತ್ತೀರಿ?

```
Min 24 M + 45 G + 6 U
0.09 M + 0.45 G + 2.87 U >= 0.20
M + G + U = 100
M, G, U >= 0
```

ಪಶು ಆಹಾರ ಘಟಕದಲ್ಲಿ ಮಿಶ್ರಣ ಲೆಕ್ಕ ಮಾಡುವವರು: ಎರಡನೆಯ ಸಾಲಿನ ಎಡಗಡೆ ಇರುವುದು ಕೆಜಿ ಪ್ರೋಟೀನ್, ಬಲಗಡೆ ನೀವು ಇಟ್ಟಿರುವುದು ಬರೀ ಅನುಪಾತ. ನೂರು ಕೆಜಿಯಲ್ಲಿ ಶೇ. 20 ಎಂದರೆ 20 ಕೆಜಿ. ನೀವು ಕೇಳಿರುವುದು 200 ಗ್ರಾಂ. ಜೋಳ ಒಂದರಲ್ಲೇ 9 ಕೆಜಿ ಇರುವುದರಿಂದ ಆ ನಿರ್ಬಂಧ ಇದ್ದೂ ಇಲ್ಲದಂತಾಗಿ, ಮೊದಲ ಸಲ ಅಗ್ಗದ ಜೋಳವೊಂದೇ ಉಳಿಯಿತು. ಉತ್ತರ ಬಂದ ಮೇಲೆ ಪ್ರತಿ ನಿರ್ಬಂಧದ ಎರಡೂ ಬದಿಯ ಮೌಲ್ಯವನ್ನು ಕೈಯಲ್ಲೇ ಲೆಕ್ಕ ಹಾಕಿ ನೋಡಿ. 9 ಮತ್ತು 0.20 ಅಕ್ಕಪಕ್ಕ ಬಂದರೆ ಏಕಮಾನ ಎಲ್ಲೋ ತಪ್ಪಿದೆ ಎಂದು ತಿಳಿಯುತ್ತದೆ.

ಬಲಗಡೆ 20 ಎಂದು ತಿದ್ದಿದರೂ ಯೂರಿಯಾ ಹೋಗುವುದಿಲ್ಲ. ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎನ್ನುತ್ತಾರೆ. ಯೂರಿಯಾದಲ್ಲಿ ಸಾರಜನಕ ಶೇ. 46 ಇರುವುದರಿಂದಲೇ ನಿಮಗೆ 2.87 ಎಂಬ ವಿಚಿತ್ರ ಗುಣಾಂಕ ಸಿಕ್ಕಿದೆ. ಅದು ಹಸುವಿಗೆ ವಿಷವಾಗಬಲ್ಲದೆಂಬ ಮಾತು ನಿಮ್ಮ ಸಮಸ್ಯೆಯ ವಾಕ್ಯದಲ್ಲಿ ಎಲ್ಲೂ ಇಲ್ಲ, ಆದ್ದರಿಂದ ಸಮೀಕರಣದಲ್ಲೂ ಇಲ್ಲ. ದಾಣಿಯಲ್ಲಿ ಶೇ. 1ಕ್ಕಿಂತ ಹೆಚ್ಚು ಯೂರಿಯಾ ಬೇಡವೆಂಬ ರೂಢಿಯ ಮಿತಿಯನ್ನು `U <= 1` ಎಂದು ಬರೆಯಿರಿ. ಆಗ ಜೋಳ 76.2, ಹಿಂಡಿ 22.8, ಯೂರಿಯಾ 1 ಕೆಜಿ ಬಂದು, ಖರ್ಚು ಸುಮಾರು 2,862 ರೂ. ಆಗುತ್ತದೆ. ಯೂರಿಯಾ ಪೂರ್ತಿ ಬಿಟ್ಟರೆ ಸುಮಾರು 3,042 ರೂ.

ಇನ್ನೊಬ್ಬರು: ಗರಿಷ್ಠ ಮಿತಿ ಬಿಟ್ಟುಹೋಗಿದ್ದರೆ ಸಾಲ್ವರ್ ತಾನೇ ‘ಅನ್‌ಬೌಂಡೆಡ್’, ಅಂದರೆ ಉತ್ತರಕ್ಕೆ ಮಿತಿಯೇ ಇಲ್ಲ, ಎಂದು ಎಚ್ಚರಿಸುತ್ತದೆ. ಇಲ್ಲಿ ಎಚ್ಚರಿಸಿಲ್ಲವಾದ್ದರಿಂದ ಯೂರಿಯಾಕ್ಕೆ ಬೇರೆ ಮಿತಿ ಬೇಕಿಲ್ಲ. ಪ್ರೋಟೀನ್ 22 ಕೆಜಿ ಮೀರಬಾರದು ಎಂದರೆ ಸಾಕು.

ಮಿಶ್ರಣ ಲೆಕ್ಕ ಮಾಡುವವರು: ಒಟ್ಟು ತೂಕ 100 ಎಂಬ ಸಾಲು ಎಲ್ಲವನ್ನೂ ಕಟ್ಟಿಹಾಕಿದೆ, ಹಾಗಾಗಿ ಆ ಎಚ್ಚರಿಕೆ ಬರುವುದೇ ಇಲ್ಲ. ಬಿಟ್ಟುಹೋದ ಮಿತಿ ಇಲ್ಲಿ ಸದ್ದಿಲ್ಲದೆ ತಪ್ಪು ಉತ್ತರವಾಗಿ ಹೊರಬರುತ್ತದೆ. ನಿಮ್ಮ 22ರ ಮಿತಿಯನ್ನೂ ಹಾಕಿ ನೋಡಿದೆ: ಜೋಳ 95.3, ಯೂರಿಯಾ 4.7 ಕೆಜಿ ಬಂತು. ಮೊದಲಿನ ಉತ್ತರವನ್ನು ನೋಡಿದವರು ನಗುತ್ತಿದ್ದರು. ಇದನ್ನು ನೋಡಿದವರು ನಂಬಿ ಬೆರೆಸಿಬಿಟ್ಟಾರು, ಅದೇ ಹೆಚ್ಚಿನ ಅಪಾಯ.

ಹೈನುಗಾರರೊಬ್ಬರು: ನನ್ನ ಅನುಭವ ಇನ್ನೂ ಸಣ್ಣದು. ಜೋಳದ ದರವನ್ನು ಕ್ವಿಂಟಲ್‌ಗೆ 2,400 ಎಂದೂ, ಹಿಂಡಿಯ ದರವನ್ನು ಐವತ್ತು ಕೆಜಿ ಚೀಲಕ್ಕೆ 2,250 ಎಂದೂ ಚೀಟಿಯಲ್ಲಿದ್ದಂತೆಯೇ ತುಂಬಿದ್ದೆ. ಎರಡೂ ಸಂಖ್ಯೆಗಳು ಹತ್ತಿರವೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ, ಸಾಲ್ವರ್ ಬರೀ ಹಿಂಡಿ ಬೆರೆಸಲು ಹೇಳಿತು. ಅಂದಿನಿಂದ ಪ್ರತಿ ಗುಣಾಂಕದ ಪಕ್ಕದಲ್ಲಿ ‘ರೂ./ಕೆಜಿ’ ಎಂದು ಬರೆಯದೆ ಮುಂದೆ ಹೋಗುವುದಿಲ್ಲ. ಅಂದಹಾಗೆ, ಈ ದಾಣಿಯನ್ನು ಕರುಗಳಿಗೂ ಕೊಡಬಹುದೇ?

ಮಿಶ್ರಣ ಲೆಕ್ಕ ಮಾಡುವವರು: ಎಳೆ ಕರುಗಳಿಗೆ ಯೂರಿಯಾ ಬೇಡವೇ ಬೇಡ, ಅವಕ್ಕೆ `U = 0` ಎಂದು ಬೇರೆಯೇ ಲೆಕ್ಕ ಮಾಡಿ.

ಗಣಿತ ಉಪನ್ಯಾಸಕರು: ಪಿಯು ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಬೇರೆ. ‘ಹಿಂಡಿಯ ಎರಡರಷ್ಟಾದರೂ ಜೋಳ ಇರಬೇಕು’ ಎಂದು ಕೊಟ್ಟರೆ, ಮಾತು ಬಂದ ಕ್ರಮದಲ್ಲೇ ಎರಡನ್ನು ಜೋಳದ ಪಕ್ಕಕ್ಕೆ ಅಂಟಿಸಿ `2 M >= G` ಎಂದು ಬರೆಯುತ್ತಾರೆ; ಬೇಕಾದದ್ದು `M >= 2 G`. ಹಿಂಡಿ 20, ಜೋಳ 15 ಎಂದು ಬೇಕೆಂದೇ ತಪ್ಪು ಮಿಶ್ರಣವೊಂದನ್ನು ಹಾಕಿ ನೋಡಲು ಹೇಳುತ್ತೇನೆ. ತಪ್ಪಾಗಿ ಬರೆದ ಸಾಲು ಅದನ್ನೂ ಒಪ್ಪಿಕೊಳ್ಳುತ್ತದೆ. ಸರಿಯಾದ ಮಿಶ್ರಣವನ್ನು ಮಾತ್ರ ಹಾಕಿ ನೋಡಿದರೆ ಇದು ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು: ತಿದ್ದಿದ್ದೇನೆ, ನೀವು ಹೇಳಿದ ಉತ್ತರವೇ ಬಂತು. ಆದರೆ ಜೋಳದ ಶೇ. 9 ತೇವಾಂಶ ಕಳೆದ ತೂಕಕ್ಕೋ, ಚೀಲದಲ್ಲಿರುವ ತೂಕಕ್ಕೋ ಎಂಬುದು ನಾನು ನೋಡಿದ ಪಟ್ಟಿಯಲ್ಲಿಲ್ಲ.

ಮಿಶ್ರಣ ಲೆಕ್ಕ ಮಾಡುವವರು: ಅದೂ ಏಕಮಾನದ ತೊಡಕೇ. ಒಣ ತೂಕದ ಅಂಕಿಯಾಗಿದ್ದು ಜೋಳದಲ್ಲಿ ತೇವಾಂಶ ಶೇ. 10 ಇದ್ದರೆ ನಿಮ್ಮ ಗುಣಾಂಕ 0.081 ಆಗುತ್ತದೆ, ಜೋಳದಿಂದಲೇ ಸುಮಾರು 700 ಗ್ರಾಂ ಪ್ರೋಟೀನ್ ಕೊರತೆ ಬೀಳುತ್ತದೆ. ಪಟ್ಟಿಯಲ್ಲಿ ತೇವಾಂಶದ ಕಾಲಂ ಇದೆಯೇ ನೋಡಿ. ಇಲ್ಲದಿದ್ದರೆ ನಿಮ್ಮದೇ ಜೋಳದ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿ, ಫಲಿತಾಂಶ ಬರುವವರೆಗೆ 0.081ನ್ನೇ ಇಟ್ಟುಕೊಳ್ಳಿ.